ಹತ್ತು ವಯಲ್, ಆರು ಗಂಟೆ

ಎಲೆಕ್ಟ್ರಾನಿಕ್ ಸಿಟಿ ಎಂದರೆ ದೂರದವರ ಕಣ್ಣಿಗೆ ಬರುವುದು ಗಾಜಿನ ಕಟ್ಟಡಗಳು, ಫ್ಲೈಓವರು, ಕೊರಳಲ್ಲಿ ಐಡಿ ಕಾರ್ಡು ತೂಗಿಸಿಕೊಂಡ ಹುಡುಗ ಹುಡುಗಿಯರು. ಇಲ್ಲಿನ ಆಸ್ಪತ್ರೆಯೊಂದರಲ್ಲಿ ರಾತ್ರಿ ಪಾಳಿ ಮಾಡುವ ನನಗೆ ಈ ಊರಿನ ಅಂಚುಗಳೇ ಹೆಚ್ಚು ಪರಿಚಯ. ಹೆಬ್ಬಗೋಡಿಯ ಹಿಂದಿನ ಶೆಡ್ಡುಗಳು, ಹುಲಿಮಂಗಲದ ಕಡೆ ಅರ್ಧ ಎದ್ದ ಅಪಾರ್ಟ್‌ಮೆಂಟುಗಳು, ಹುಸ್ಕೂರಿನ ಕೆರೆ ಬದಿ. 1978ರಲ್ಲಿ ಕಿಯೋನಿಕ್ಸ್ ಸಂಸ್ಥೆ ಆರ್.ಕೆ. ಬಾಳಿಗರ ಮುಂದಾಳತ್ವದಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಈ ಬಡಾವಣೆಗೆ ಅಡಿಪಾಯ ಹಾಕಿದಾಗ ಸುತ್ತ ಇದ್ದದ್ದು ಹೊಲ, ಕೆರೆ, ಕುರುಚಲು. ಹೊಲ ಹೋಯಿತು. ಹೊಲದ ಇಲಿ ಗೋಡೌನಿಗೂ ಕಸದ ರಾಶಿಗೂ ಬಂತು. ಇಲಿಯ ಹಿಂದೆ ಹಾವು ಬಂತು. ಸೈಟಿನಲ್ಲಿ ಜೋಡಿಸಿಟ್ಟ ಇಟ್ಟಿಗೆ, ಟೈಲ್ಸು, ಸೆಂಟ್ರಿಂಗ್ ಹಲಗೆ ಇವೆಲ್ಲ ಅದಕ್ಕೆ ಹೇಳಿ ಮಾಡಿಸಿದ ಮನೆ. ಕೈ ಹಾಕುವವರು ಯಾದಗಿರಿಯಿಂದಲೋ ರಾಯಚೂರಿನಿಂದಲೋ ದುಡಿಯಲು ಬಂದವರು.

ಹಾವು ಕಡಿತಕ್ಕೆ ಏನು ಮಾಡಬೇಕೆಂಬುದು ಎಲ್ಲೂ ಬರೆದಿಲ್ಲವೆಂದಲ್ಲ. ವಿಶ್ವ ಆರೋಗ್ಯ ಸಂಸ್ಥೆ ನಮ್ಮ ಆಗ್ನೇಯ ಏಷ್ಯಾ ಭಾಗಕ್ಕೆಂದು 2016ರಲ್ಲಿ ತಂದ ಪುಸ್ತಕ ಇನ್ನೂರು ಪುಟದ ಆಸುಪಾಸಿನದು. ಅದೇ ವರ್ಷ ಕೇಂದ್ರ ಆರೋಗ್ಯ ಸಚಿವಾಲಯವೂ ಭಾರತಕ್ಕೆ ಹೊಂದುವ ಮಾರ್ಗಸೂಚಿಯನ್ನು ಹೊರಡಿಸಿತು. ಎರಡೂ ಒಳ್ಳೆಯ ಬರಹಗಳು, ನಾನು ಇಷ್ಟಪಟ್ಟು ಓದಿದಂಥವು. ಆದರೆ ರಾತ್ರಿ ಕ್ಯಾಶುಯಲ್ಟಿಯಲ್ಲಿ ಒಬ್ಬರೇ ಡ್ಯೂಟಿ ಡಾಕ್ಟರು, ಇಬ್ಬರು ಸಿಸ್ಟರು. ಬಾಗಿಲಲ್ಲಿ ಕಾಲು ಊದಿದ ಮನುಷ್ಯ, ಅವನ ಹಿಂದೆ ಗಾಬರಿಬಿದ್ದ ಹತ್ತು ಜನ. ಆಗ ಪುಟ ತಿರುವಲು ಯಾರಿಗೂ ಕೈ ಬಿಡುವಿರುವುದಿಲ್ಲ. ಗೋಡೆಯ ಮೇಲೆ ಒಂದೇ ಹಾಳೆ ಇರಬೇಕು, ಬೆರಳಿಟ್ಟುಕೊಂಡು ಕೆಳಗಿಳಿಯುವ ಹಾಗಿರಬೇಕು. ಆ ಹಾಳೆಯನ್ನು ತಯಾರಿಸಲು ನಾವು ಕೆಲವರು ಕುಳಿತೆವು. ನಾನು, ಹಿರಿಯ ಸಿಸ್ಟರೊಬ್ಬರು, ಫಾರ್ಮಸಿ ನೋಡಿಕೊಳ್ಳುವವರು. ಆಮೇಲೆ, ಯಾರೂ ಕರೆಯದಿದ್ದರೂ ಬಹಳ ಉಪಕಾರ ಮಾಡಿದ, ನಮ್ಮ ಮನೆಯ ಪಕ್ಕದ ಸಾಫ್ಟ್‌ವೇರ್ ಹುಡುಗ.

ಪುಸ್ತಕವನ್ನು ಹಾಳೆಗಿಳಿಸುವುದು ಮೇಲ್ನೋಟಕ್ಕೆ ಸುಲಭ: ಮಾಡಬೇಕಾದ ಕೆಲಸಗಳಿಗೆಲ್ಲ ಗೆರೆ ಎಳೆದು, ಉಳಿದದ್ದನ್ನು ಬಿಟ್ಟು, ಚೌಕಗಳಲ್ಲಿ ತುಂಬಿ, ಬಾಣ ಹಾಕಿದರಾಯಿತು. ಹಾಗೆ ಮಾಡಿದ ಹಾಳೆಗಳನ್ನು ನಾನು ಹಲವು ಕಡೆ ನೋಡಿದ್ದೇನೆ. ಅಂಥ ಹಾಳೆಗಳ ತೊಂದರೆ ಮೊದಲ ಚೌಕದಲ್ಲೇ ಶುರುವಾಗುತ್ತದೆ. ಅಲ್ಲಿ ‘ಹಾವು ಕಚ್ಚಿದೆಯೇ?’ ಎಂದಿರುತ್ತದೆ. ಕೊಳಕುಮಂಡಲ ಕಚ್ಚಿದವನು ಹೌದೆನ್ನುತ್ತಾನೆ, ನಾಗರಹಾವು ಕಚ್ಚಿದವನೂ ಹೌದೆನ್ನುತ್ತಾನೆ. ಕಟ್ಟುಹಾವಿನ ಕತೆ ಬೇರೆ. ಅದು ರಾತ್ರಿ ಸಂಚಾರಿ, ನೆಲದ ಮೇಲೆ ಚಾಪೆ ಹಾಸಿ ಮಲಗಿದವರನ್ನು ನಿದ್ದೆಯಲ್ಲೇ ಕಚ್ಚುತ್ತದೆ. ನೋವಿಲ್ಲ, ಊತವಿಲ್ಲ, ಹಲ್ಲಿನ ಗುರುತು ಕೂಡ ಎಷ್ಟೋ ಸಲ ಕಾಣುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವೆಂದು ಎದ್ದು, ಸ್ವಲ್ಪ ಹೊತ್ತಿಗೆ ರೆಪ್ಪೆ ಜೋತುಬಿದ್ದು, ಮಾತು ತೊದಲಿ ಬರುವ ಮನುಷ್ಯನನ್ನು ‘ಹಾವು ಕಚ್ಚಿತಾ?’ ಎಂದು ಕೇಳಿದರೆ ಇಲ್ಲ ಎನ್ನುತ್ತಾನೆ, ನಿಜವನ್ನೇ ಹೇಳುತ್ತಾನೆ. ಹಾಳೆ ಅವನನ್ನು ಅಲ್ಲಿಗೇ ಹೊರಗೆ ಕಳಿಸಿಬಿಡುತ್ತದೆ. ನಮ್ಮ ಸುತ್ತಿನ ತಗಡಿನ ಶೆಡ್ಡುಗಳಲ್ಲಿ ಎಲ್ಲರೂ ಮಲಗುವುದು ನೆಲದ ಮೇಲೆಯೇ. ಹೀಗಾಗಿ ಮೊದಲ ಚೌಕಕ್ಕೆ ಎರಡು ಬಾಗಿಲು ಇಟ್ಟೆವು: ಹಾವು ಕಚ್ಚಿದೆ ಎನ್ನುವವರು ಒಂದರಿಂದ, ನೆಲದಲ್ಲಿ ಮಲಗಿದ್ದು ಬೆಳಗ್ಗೆ ಕಾರಣ ತಿಳಿಯದ ಹೊಟ್ಟೆನೋವು ಅಥವಾ ಜೋತುಬಿದ್ದ ರೆಪ್ಪೆಯೊಂದಿಗೆ ಬಂದವರು ಇನ್ನೊಂದರಿಂದ. ಮಾರ್ಗಸೂಚಿ ಇದನ್ನು ಒಳಗಿನ ಪುಟದಲ್ಲಿ ಎಚ್ಚರಿಕೆಯಾಗಿ ಹೇಳಿದೆ. ಒಳಗಿನ ಪುಟದ ಮಾತು ಹಾಳೆಯ ತುದಿಗೆ ಬರಬೇಕಾದ ಸಂದರ್ಭ ಇದು.

ಎರಡನೆಯ ಚೌಕ ರಕ್ತದ ಪರೀಕ್ಷೆ. ಇದಕ್ಕೆ ಲ್ಯಾಬು ಬೇಡ, ಯಂತ್ರ ಬೇಡ. ರೋಗಿಯ ರಕ್ತನಾಳದಿಂದ ಎರಡು ಎಂ.ಎಲ್. ರಕ್ತ ತೆಗೆದು, ಹೊಸ, ಒಣಗಿದ, ಗಾಜಿನ ಟೆಸ್ಟ್ ಟ್ಯೂಬಿಗೆ ಹಾಕಿ, ಅಲುಗಿಸದೆ ಇಪ್ಪತ್ತು ನಿಮಿಷ ನಿಲ್ಲಿಸಿ, ಒಂದೇ ಒಂದು ಸಲ ಓರೆ ಮಾಡಿ ನೋಡುವುದು. ಹೆಪ್ಪುಗಟ್ಟಿದ್ದರೆ ಸರಿ. ನೀರಿನಂತೆ ಹರಿದರೆ ಮಂಡಲದ ವಿಷ ಕೆಲಸ ಮಾಡಿದೆ ಎಂದರ್ಥ. ವಿಷವು ಹೆಪ್ಪುಗಟ್ಟಿಸುವ ವಸ್ತುಗಳನ್ನು ರಕ್ತನಾಳದೊಳಗೇ ಕೆರಳಿಸಿ ಬಳಸಿ ಮುಗಿಸಿಬಿಟ್ಟಿರುತ್ತದೆ, ಟ್ಯೂಬಿಗೆ ಬಂದ ರಕ್ತದಲ್ಲಿ ಫೈಬ್ರಿನೋಜನ್ ಉಳಿದಿರುವುದಿಲ್ಲ.

‘ಗಾಜಿನ’ ಎಂಬ ಒಂದು ಪದ ನಮ್ಮ ಒಂದು ಸಂಜೆಯನ್ನು ತಿಂದಿತು. ಹಾಳೆಯಲ್ಲಿ ಜಾಗ ಉಳಿಸಲು ಮೊದಲ ಕರಡಿನಲ್ಲಿ ಅದನ್ನು ಬಿಟ್ಟಿದ್ದೆವು. ಸಿಸ್ಟರು ಕರಡನ್ನು ಓದಿ, “ಸರ್, ನಮ್ಮ ಡ್ರಾದಲ್ಲಿರೋದೆಲ್ಲ ಪ್ಲಾಸ್ಟಿಕ್ ಟ್ಯೂಬು. ಇದನ್ನ ಓದಿದ್ರೆ ನಾನು ಅದನ್ನೇ ತಗೋತೀನಿ” ಎಂದರು. ಗಾಜಿನ ಮೈಯನ್ನು ಮುಟ್ಟಿದಾಗಲೇ ರಕ್ತದಲ್ಲಿ ಹೆಪ್ಪುಗಟ್ಟುವ ಸರಪಳಿ ಚುರುಕಾಗುವುದು. ಪ್ಲಾಸ್ಟಿಕ್ಕಿನಲ್ಲಿ ಆರೋಗ್ಯವಂತನ ರಕ್ತವೂ ಇಪ್ಪತ್ತು ನಿಮಿಷಕ್ಕೆ ಗಟ್ಟಿಯಾಗದೆ ಇರಬಹುದು. ಸೋಪಿನ ಪುಡಿ ಹಾಕಿ ತೊಳೆದ ಗಾಜಿನದೂ ಅದೇ ಪಾಡು. ಹಾಗಾದರೆ ಹಾವಿನ ವಿಷವೇ ಇಲ್ಲದ ಮನುಷ್ಯನಿಗೆ ಹತ್ತು ವಯಲ್ ಔಷಧಿ ಹೋಗುತ್ತದೆ, ಅದರ ಅಲರ್ಜಿಯ ಅಪಾಯವೂ ಜೊತೆಗೆ. ಈಗ ಗಾಜಿನ ಹೊಸ ಟ್ಯೂಬುಗಳ ಒಂದು ಡಬ್ಬ ಹಾಳೆಯ ಕೆಳಗೇ ಮೊಳೆಗೆ ತೂಗಿದೆ. ಅನುಮಾನ ಬಂದರೆ ಡ್ಯೂಟಿಯಲ್ಲಿದ್ದ ಯಾರದಾದರೂ ರಕ್ತವನ್ನು ಎರಡನೇ ಟ್ಯೂಬಿಗೆ ಹಾಕಿ ಪಕ್ಕದಲ್ಲಿಡುತ್ತೇವೆ. ಅದು ಗಟ್ಟಿಯಾಗಿ ರೋಗಿಯದು ಹರಿದರೆ ಟ್ಯೂಬಿನ ಮೇಲೆ ತಪ್ಪು ಹೊರಿಸುವಂತಿಲ್ಲ.

ಇನ್ನು ಹತ್ತು ವಯಲ್. ಎಲ್ಲ ಹಾಳೆಗಳಲ್ಲೂ ಈ ಸಂಖ್ಯೆ ಇರುತ್ತದೆ, ಏಕೆ ಹತ್ತು ಎಂದು ಯಾವುದರಲ್ಲೂ ಇರುವುದಿಲ್ಲ. ಹಾವಿನ ವಿಷಕ್ಕೆ ಕೊಡುವ ನಮ್ಮ ದೇಶದ ಔಷಧಿ ಎ.ಎಸ್.ವಿ. ಹೆಚ್ಚಾಗಿ ಪುಡಿಯ ರೂಪದಲ್ಲಿ ಬರುತ್ತದೆ, ಒಂದು ವಯಲಿಗೆ ಹತ್ತು ಎಂ.ಎಲ್. ನೀರು ಬೆರೆಸಬೇಕು. ಅದರ ಒಂದು ಎಂ.ಎಲ್. ಕೊಳಕುಮಂಡಲದ 0.6 ಮಿಲಿಗ್ರಾಂ ವಿಷವನ್ನು ನಿಷ್ಕ್ರಿಯಗೊಳಿಸುವಂತೆ ತಯಾರಾಗಿರುತ್ತದೆ. ಹಾಗಾದರೆ ಒಂದು ವಯಲ್ ಆರು ಮಿಲಿಗ್ರಾಂ, ಹತ್ತು ವಯಲ್ ಅರವತ್ತು. ಕೊಳಕುಮಂಡಲ ಒಂದು ಕಡಿತಕ್ಕೆ ಸರಾಸರಿ 63 ಮಿಲಿಗ್ರಾಂ ವಿಷ ಬಿಡುತ್ತದೆ ಎಂಬ ಲೆಕ್ಕವನ್ನು ರಾಷ್ಟ್ರೀಯ ಮಾರ್ಗಸೂಚಿಗಳು ಇಟ್ಟುಕೊಂಡಿವೆ. ಹತ್ತು ಹುಟ್ಟಿದ್ದು ಅಲ್ಲಿಂದ. ಇದು ತಿಳಿದರೆ ಇನ್ನೊಂದು ಪ್ರಶ್ನೆ ತಾನಾಗಿ ಬಗೆಹರಿಯುತ್ತದೆ. ಮೂರು ವರ್ಷದ ಮಗುವಿಗೆ ಎಷ್ಟು? ಪ್ರತಿಯೊಂದು ಔಷಧಿಯನ್ನೂ ಮಗುವಿನ ತೂಕಕ್ಕೆ ಇಳಿಸುವ ನಮ್ಮ ಕೈ ಇಲ್ಲೂ ಇಳಿಸಲು ಹೋಗುತ್ತದೆ. ಇಳಿಸಬಾರದು. ಹಾವು ಮಗುವೆಂದು ವಿಷ ಕಡಿಮೆ ಬಿಟ್ಟಿರುವುದಿಲ್ಲ, ಔಷಧಿ ಎದುರಿಸಬೇಕಾದದ್ದು ಆ ವಿಷವನ್ನು. ಮಗುವಿಗೂ ಹತ್ತೇ, ಅದನ್ನು ಬೆರೆಸುವ ಸಲೈನನ್ನು ಮಾತ್ರ ತೂಕಕ್ಕೆ ತಕ್ಕಂತೆ ಕಡಿಮೆ ಮಾಡಬೇಕು. ಕಾರಣ ಹೇಳುವ ಒಂದು ಸಾಲನ್ನು ಚೌಕದ ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಬರೆಯಲೇಬೇಕೆಂದು ನಾನು ಹಟ ಹಿಡಿದದ್ದು ಇದಕ್ಕೇ. ಬರೀ ಸಂಖ್ಯೆಯನ್ನು ಯಾರಾದರೂ ಒಳ್ಳೆಯ ಮನಸ್ಸಿನಿಂದಲೇ ಬದಲಾಯಿಸಿಬಿಡುತ್ತಾರೆ. ಕಾರಣ ಪಕ್ಕದಲ್ಲಿದ್ದರೆ ಕೈ ತಡೆಯುತ್ತದೆ.

ಆರು ಗಂಟೆಯದೂ ಅದೇ ಮಾತು. ಔಷಧಿ ಕೊಟ್ಟ ಮೇಲೆ ಮತ್ತೆ ಟ್ಯೂಬಿಗೆ ರಕ್ತ ಹಾಕುವುದು ಆರು ಗಂಟೆ ಬಿಟ್ಟು. ಹೊರಗೆ ಕಾಯುವ ಅಣ್ಣತಮ್ಮಂದಿರಿಗೆ ಇದು ನಿರ್ಲಕ್ಷ್ಯದಂತೆ ಕಾಣುತ್ತದೆ. ಹೊಸ ಡಾಕ್ಟರಿಗೂ ಎರಡನೇ ಗಂಟೆಗೇ ಪರೀಕ್ಷೆ ಮಾಡಿ, ಇನ್ನೂ ಹರಿಯುತ್ತಿದೆ ಎಂದು ಇನ್ನಷ್ಟು ವಯಲ್ ಸುರಿಯುವ ಆಸೆಯಾಗುತ್ತದೆ. ಎ.ಎಸ್.ವಿ. ವಿಷವನ್ನು ಹಿಡಿದುಹಾಕುತ್ತದೆಯೇ ಹೊರತು ಖರ್ಚಾಗಿ ಹೋದ ಫೈಬ್ರಿನೋಜನ್ನನ್ನು ತುಂಬಿಕೊಡುವುದಿಲ್ಲ. ಅದನ್ನು ಹೊಸದಾಗಿ ತಯಾರಿಸಬೇಕಾದ್ದು ಲಿವರ್, ಅದಕ್ಕೆ ಬೇಕಾದ ಹೊತ್ತೇ ಸುಮಾರು ಆರು ಗಂಟೆ. ಅಷ್ಟರೊಳಗೆ ರಕ್ತ ಹರಿದರೆ ಔಷಧಿ ಸೋತಿದೆ ಎನ್ನುವಂತಿಲ್ಲ.

ಇಲ್ಲಿಂದ ಮುಂದೆ ಮಾರ್ಗಸೂಚಿಯೇ ನಮ್ಮನ್ನು ಕವಲಿನಲ್ಲಿ ನಿಲ್ಲಿಸಿತು. ಮಂಡಲದ ಕಡಿತಕ್ಕೆ ಮೊದಲ ಹತ್ತು ವಯಲನ್ನು ಅರ್ಧ ಗಂಟೆಯಲ್ಲಿ ಕೊಟ್ಟ ಬಳಿಕ, 2016ರ ರಾಷ್ಟ್ರೀಯ ದಾಖಲೆ ಎರಡು ದಾರಿ ಕೊಡುತ್ತದೆ. ಪ್ರತಿ ಆರು ಗಂಟೆಗೆ ಎರಡು ವಯಲ್ ಡ್ರಿಪ್ಪಿನಲ್ಲಿ ಕೊಡುತ್ತ ಹೋಗುವುದು ಒಂದು. ಆರು ಗಂಟೆಗೊಮ್ಮೆ ಆರು ವಯಲನ್ನು ಒಟ್ಟಿಗೆ ಕೊಡುವುದು ಇನ್ನೊಂದು. ಎರಡಕ್ಕೂ ಹಿಂದೆ ಅನುಭವವಿದೆ, ಪುಸ್ತಕದಲ್ಲಿ ‘ಅಥವಾ’ ಎಂದು ಬರೆದದ್ದು ಪ್ರಾಮಾಣಿಕವಾದದ್ದೇ. ಹಾಸಿಗೆ ಪಕ್ಕದ ಹಾಳೆಯಲ್ಲಿ ಅದಕ್ಕೆ ಜಾಗವಿಲ್ಲ. ಸಂಜೆಯ ಡಾಕ್ಟರು ಒಂದು ದಾರಿ ಹಿಡಿದು, ರಾತ್ರಿಯವರು ಇನ್ನೊಂದಕ್ಕೆ ಜಿಗಿದರೆ ರೋಗಿಗೆ ಎಷ್ಟು ಹೋಯಿತೆಂದು ಯಾರಿಗೂ ತಿಳಿಯುವುದಿಲ್ಲ. ಆರಿಸುವ ಜವಾಬ್ದಾರಿಯನ್ನು ಹಗಲು ಹೊತ್ತಿನಲ್ಲಿ, ಕುರ್ಚಿಯಲ್ಲಿ ಕೂತು, ಹಿರಿಯರೊಂದಿಗೆ ಜಗಳವಾಡಿ ಮುಗಿಸಬೇಕು. ನಾವು ಆರು ವಯಲಿನ ದಾರಿಯನ್ನು ಹಿಡಿದೆವು, ನಮ್ಮಲ್ಲಿ ರಾತ್ರಿ ನರ್ಸುಗಳು ಕಡಿಮೆ, ಸತತ ಡ್ರಿಪ್ಪನ್ನು ಕಾಯುವುದು ಕಷ್ಟ ಎಂಬ ಕಾರಣಕ್ಕೆ. ಬೇರೆ ಆಸ್ಪತ್ರೆ ಬೇರೆಯದನ್ನು ಆರಿಸಿದರೆ ಅದೂ ಸರಿಯೇ. ಒಂದೇ ಗೋಡೆಯ ಮೇಲೆ ಎರಡೂ ಇರಬಾರದು ಅಷ್ಟೆ.

ಪಕ್ಕದ ಮನೆಯ ಹುಡುಗ ಬಂದದ್ದು ಈ ಹಂತದಲ್ಲಿ. ಭಾನುವಾರ ಕಾಫಿಗೆ ಬಂದವನ ಕೈಗೆ ಕರಡು ಸಿಕ್ಕಿತು. ವೈದ್ಯದ ಗಂಧವಿಲ್ಲದವನು, ಚಿತ್ರವನ್ನು ಮಾತ್ರ ನೋಡಿ, ಬಾಣದ ಮೇಲೆ ಬೆರಳಿಟ್ಟ. “ಡಾಕ್ಟ್ರೇ, ರಕ್ತ ಹೆಪ್ಪುಗಟ್ಟಿಲ್ಲ ಅಂದ್ರೆ ಔಷಧಿ ಕೊಡಿ, ಆರು ಗಂಟೆ ಬಿಟ್ಟು ಮತ್ತೆ ನೋಡಿ, ಹೆಪ್ಪುಗಟ್ಟಿಲ್ಲ ಅಂದ್ರೆ ಮತ್ತೆ ಕೊಡಿ. ಇದರಿಂದ ಹೊರಗೆ ಬರೋದೆಲ್ಲಿ? ಯಾವತ್ತೂ ಹೆಪ್ಪುಗಟ್ಟದಿದ್ರೆ?” ಎಂದ. ಅವರ ಕೆಲಸದಲ್ಲಿ ಮುಗಿಯದ ಸುತ್ತು ಬರೆದರೆ ಕಂಪ್ಯೂಟರು ನಿಂತುಹೋಗುತ್ತದಂತೆ. ನಮ್ಮ ಕೆಲಸದಲ್ಲಿ ಫಾರ್ಮಸಿಯ ಫ್ರಿಜ್ಜು ಖಾಲಿಯಾಗುತ್ತದೆ, ರೋಗಿ ಮಾತ್ರ ಹಾಗೇ ಇರುತ್ತಾನೆ. ಮಾರ್ಗಸೂಚಿಯಲ್ಲಿ ಉತ್ತರ ಇತ್ತು, ನಮ್ಮ ಹಾಳೆಯಲ್ಲಿ ಇರಲಿಲ್ಲ: ಮಂಡಲದ ಕಡಿತಕ್ಕೆ ಮೂವತ್ತರ ಆಸುಪಾಸು, ನರಕ್ಕೆ ತಗಲುವ ವಿಷಕ್ಕೆ ಇಪ್ಪತ್ತು, ಅದರಾಚೆಗೆ ಸುರಿಯುವುದರಲ್ಲಿ ಅರ್ಥವಿಲ್ಲ. ಅಲ್ಲಿ ‘ನಿಲ್ಲಿ, ಹಿರಿಯ ವೈದ್ಯರಿಗೆ ಫೋನ್ ಮಾಡಿ, ಬೇರೆ ಹಾವೋ ಎಂದು ಯೋಚಿಸಿ’ ಎಂಬ ಚೌಕ ಬಂತು.

ಅವನ ಇನ್ನೊಂದು ಪ್ರಶ್ನೆ ಇದಕ್ಕಿಂತ ಬೆಲೆಯುಳ್ಳದ್ದು. ಔಷಧಿಗೆ ಅಲರ್ಜಿಯಾದರೆ ಎಂಬ ಚೌಕವನ್ನು ನಾವು ‘ಹತ್ತು ವಯಲ್’ ಚೌಕದ ಕೆಳಗೆ ಇಟ್ಟಿದ್ದೆವು, ಅಂದರೆ ಹತ್ತೂ ಮುಗಿದ ಮೇಲೆ ಕೇಳುವ ಪ್ರಶ್ನೆಯಾಗಿ. ಅಲರ್ಜಿ ಮೊದಲ ಹತ್ತು ನಿಮಿಷದಲ್ಲೇ ಬರಬಹುದು. ಅದು ಸರದಿಯಲ್ಲಿ ನಿಲ್ಲುವುದಿಲ್ಲ, ಯಾವ ಚೌಕದಲ್ಲಿದ್ದರೂ ನುಗ್ಗಿ ಬರುತ್ತದೆ. ಹಾಗಾಗಿ ಅದನ್ನು ಸಾಲಿನಿಂದ ತೆಗೆದು, ಹಾಳೆಯ ಬಲ ಅಂಚಿನಲ್ಲಿ ಮೇಲಿಂದ ಕೆಳಗಿನವರೆಗೆ ಕೆಂಪು ಪಟ್ಟಿಯಾಗಿ ಎಳೆದೆವು: ತುರಿಕೆ, ದದ್ದು, ವಾಂತಿ, ಉಬ್ಬಸ, ಬಿ.ಪಿ. ಇಳಿತ ಯಾವುದೇ ಕಂಡರೂ ಡ್ರಿಪ್ ನಿಲ್ಲಿಸಿ, ದೊಡ್ಡವರಿಗೆ ಅಡ್ರಿನಲಿನ್ 0.5 ಮಿಲಿಗ್ರಾಂ ತೊಡೆಯ ಹೊರಭಾಗದ ಮಾಂಸಖಂಡಕ್ಕೆ. ಸುಧಾರಿಸಿದ ಮೇಲೆ ನಿಧಾನವಾಗಿ ಮತ್ತೆ ಶುರು. ‘ಮತ್ತೆ ಶುರು’ ಎಂಬುದನ್ನು ದಪ್ಪಕ್ಷರದಲ್ಲಿ ಬರೆದಿದ್ದೇವೆ. ಅಲರ್ಜಿಯ ಭಯಕ್ಕೆ ಔಷಧಿಯನ್ನು ಅಲ್ಲಿಗೇ ಕೈಬಿಟ್ಟರೆ ವಿಷ ಉಳಿಯುತ್ತದೆ. ಮುಂಚೆ ಚರ್ಮದ ಕೆಳಗೆ ಒಂದು ಹನಿ ಚುಚ್ಚಿ ನೋಡುವ ಟೆಸ್ಟ್ ಡೋಸ್ ಪದ್ಧತಿಯಿತ್ತು. ಯಾರಿಗೆ ಅಲರ್ಜಿಯಾಗುತ್ತದೆಂದು ಅದು ಹೇಳುವುದೇ ಇಲ್ಲ, ಹೊತ್ತು ಹಾಳು. ಹಳೆಯ ಕೈಗಳಿಗೆ ನೆನಪಿರಲೆಂದು ‘ಟೆಸ್ಟ್ ಡೋಸ್ ಬೇಡ’ ಎಂದೂ ಬರೆದೆವು.

ಹಾಳೆ ಸರಿಯಿದೆಯೇ ಎಂದು ತಿಳಿಯಲು ಒಬ್ಬ ಕಲ್ಪನೆಯ ರೋಗಿಯನ್ನು ಅದರೊಳಗೆ ನಡೆಸಿ ನೋಡಬೇಕು. ನಾವು ನಡೆಸಿದವನು ಹುಲಿಮಂಗಲದ ಸೈಟಿನ ಒಬ್ಬ ಗಾರೆ ಕೆಲಸದವನು, ಇಪ್ಪತ್ತೆಂಟು ವರ್ಷ. ಸಂಜೆ ಏಳಕ್ಕೆ ಇಟ್ಟಿಗೆ ಎತ್ತುವಾಗ, ಕುಕ್ಕರಿನ ಸೀಟಿಯಂತೆ ಬುಸುಗುಟ್ಟುವ ದಪ್ಪ ಹಾವು ಎಡಗಾಲಿಗೆ ಕಚ್ಚಿದೆ. ಗೆಳೆಯರು ಮೊಣಕಾಲ ಕೆಳಗೆ ಟವೆಲು ಬಿಗಿದು ಆಟೋದಲ್ಲಿ ತಂದಿದ್ದಾರೆ, ಗಂಟೆ ಎಂಟು. ಇಲ್ಲೇ ನಮ್ಮ ಹಾಳೆ ಮುಗ್ಗರಿಸಿತು. ಟವೆಲನ್ನು ಯಾರು, ಯಾವಾಗ ಬಿಚ್ಚಬೇಕು ಎಂದು ಎಲ್ಲೂ ಇರಲಿಲ್ಲ. ಬಿಗಿದ ಕಟ್ಟನ್ನು ಫಕ್ಕನೆ ಬಿಚ್ಚಿದರೆ ತಡೆದು ನಿಂತಿದ್ದ ವಿಷ ಒಮ್ಮೆಗೇ ಮೇಲೇರಬಹುದು. ಡ್ರಿಪ್ ಹಾಕಿ, ಔಷಧಿ ಪಕ್ಕದಲ್ಲಿಟ್ಟುಕೊಂಡು, ಡಾಕ್ಟರ ಎದುರಿನಲ್ಲೇ ಬಿಚ್ಚಬೇಕು. ಸೇರಿಸಿದೆವು.

ಎಂಟು ಹತ್ತಕ್ಕೆ ರಕ್ತ ಟ್ಯೂಬಿಗೆ, ಎಂಟೂವರೆಗೆ ಓರೆ ಮಾಡಿದರೆ ಹರಿಯಿತು. ಎಂಟು ನಲವತ್ತಕ್ಕೆ ಔಷಧಿ ಶುರು. ವಯಲನ್ನು ಕುಲುಕಿದರೆ ನೊರೆಯಾಗಿ ಕೆಡುತ್ತದೆ, ಅಂಗೈಯಲ್ಲಿ ಮೆಲ್ಲಗೆ ತಿರುಗಿಸಿ ಕರಗಿಸಬೇಕು. ಹತ್ತು ವಯಲಿಗೆ ಹೊತ್ತು ಹಿಡಿಯುತ್ತದೆ, ಆದ್ದರಿಂದ ರಕ್ತ ಹರಿದದ್ದು ಕಂಡ ಕೂಡಲೇ ಎರಡನೇ ಸಿಸ್ಟರು ಬೆರೆಸಲು ಕೂರಬೇಕು. ಒಂಬತ್ತು ಹತ್ತಕ್ಕೆ ಮುಗಿಯಿತು. ಮುಂದಿನ ಪರೀಕ್ಷೆ ‘ಆರು ಗಂಟೆ ನಂತರ’ ಎಂದಿತ್ತು. ಸಿಸ್ಟರು ಮತ್ತೆ ತಡೆದರು. “ಬೆಳಗಿನ ಜಾವ ಯಾರು ಲೆಕ್ಕ ಹಾಕ್ತಾರೆ ಸರ್? ಗಡಿಯಾರದ ಸಮಯ ಬರೆಯೋಕೆ ಖಾಲಿ ಜಾಗ ಕೊಡಿ.” ಈಗ ಆ ಚೌಕದಲ್ಲಿ ಗಂಟೆ, ನಿಮಿಷಗಳಿಗೆ ಖಾಲಿ ಗೆರೆಗಳಿವೆ. ಔಷಧಿ ಮುಗಿಸಿದವರೇ ಅಲ್ಲಿ ‘3.10’ ಎಂದು ಬರೆದು ಸಹಿ ಹಾಕುತ್ತಾರೆ. ನಮ್ಮ ಕಲ್ಪನೆಯ ರೋಗಿಗೆ ಮೂರು ಹತ್ತರ ರಕ್ತವೂ ಹರಿಯಿತು, ಆರು ವಯಲ್ ಕೊಟ್ಟೆವು. ಬೆಳಗ್ಗೆ ಒಂಬತ್ತು ಮುಕ್ಕಾಲರ ಟ್ಯೂಬಿನಲ್ಲಿ ಗಟ್ಟಿ ಹೆಪ್ಪು. ಹದಿನಾರು ವಯಲಿಗೆ ಮುಗಿಯಿತೆಂದು ಮನೆಗೆ ಕಳಿಸುವಂತಿಲ್ಲ. ಕಚ್ಚಿದ ಜಾಗದಲ್ಲಿ ಉಳಿದ ವಿಷ ನಿಧಾನವಾಗಿ ಇಳಿದು ರಕ್ತವನ್ನು ಮತ್ತೆ ತೆಳುವಾಗಿಸಬಹುದು, ಇನ್ನೂ ಒಂದು ದಿನ ಆರು ಗಂಟೆಗೊಮ್ಮೆ ಟ್ಯೂಬು ನೋಡಬೇಕು. ಕೊಳಕುಮಂಡಲದ ವಿಷ ಕಿಡ್ನಿಯನ್ನೂ ಹಿಡಿಯುತ್ತದೆ. ಹಿಡಿದ ಮೇಲೆ ಎ.ಎಸ್.ವಿ. ಅದನ್ನು ಬಿಡಿಸುವುದಿಲ್ಲ. ಆದ್ದರಿಂದ ಮೂತ್ರದ ಲೆಕ್ಕಕ್ಕೆ ಒಂದು ಉದ್ದನೆಯ ಕಾಲಂ ಇಟ್ಟಿದ್ದೇವೆ. ಮೂತ್ರ ಕಡಿಮೆಯಾಗುತ್ತಿದ್ದರೆ, ಬಣ್ಣ ಗಾಢವಾಗುತ್ತಿದ್ದರೆ, ಡಯಾಲಿಸಿಸ್ ಇರುವ ಕಡೆಗೆ ಬೇಗ ಕಳಿಸಲು.

ನಾಗರಹಾವು, ಕಟ್ಟುಹಾವುಗಳ ಕವಲು ಎಡಕ್ಕಿದೆ. ಅಲ್ಲಿ ನೋಡುವುದು ರಕ್ತವನ್ನಲ್ಲ, ರೆಪ್ಪೆಯನ್ನು. ಹತ್ತು ವಯಲಿನ ಜೊತೆಗೆ ಅಟ್ರೋಪಿನ್ 0.6 ಮಿಲಿಗ್ರಾಂ ಕೊಟ್ಟು ನಿಯೋಸ್ಟಿಗ್ಮಿನ್ 1.5 ಮಿಲಿಗ್ರಾಂ, ಒಂದು ಗಂಟೆಯಲ್ಲಿ ರೆಪ್ಪೆ ಏರಿದರೆ ಮುಂದುವರಿಸುವುದು, ಏರದಿದ್ದರೆ ನಿಯೋಸ್ಟಿಗ್ಮಿನ್ ನಿಲ್ಲಿಸುವುದು. ಕಟ್ಟುಹಾವಿನ ವಿಷ ನರದ ತುದಿಯನ್ನೇ ಕೆಡಿಸುವುದರಿಂದ ಈ ಔಷಧಿಗೆ ಅಲ್ಲಿ ಹಿಡಿತ ಸಿಗುವುದು ಕಡಿಮೆ. ಅಂಥವನಿಗೆ ಬೇಕಾದದ್ದು ಉಸಿರು. ಆ ಕವಲಿನ ಕೊನೆಯ ಚೌಕದಲ್ಲಿ ವಯಲಿನ ಮಾತಿಲ್ಲ. ಅಂಬು ಬ್ಯಾಗು, ವೆಂಟಿಲೇಟರು, ಆಂಬುಲೆನ್ಸಿನ ನಂಬರು ಇವೆ.

ಹಾಳೆಯ ಅಡಿಯಲ್ಲಿ ಒಂದು ಸಾಲು: ಪ್ರಕರಣವನ್ನು ವರದಿ ಮಾಡಿ. ಕರ್ನಾಟಕ ಸರ್ಕಾರ 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ತಿಳಿಸಬೇಕಾದ ಪ್ರಕರಣವೆಂದು ಘೋಷಿಸಿದ ಮೇಲೆ ಸೇರಿದ್ದು. ಖಾಸಗಿ ಆಸ್ಪತ್ರೆಗೂ ಇದು ಅನ್ವಯಿಸುತ್ತದೆ.

ಈಚೆಗೆ ತೀರ್ಥಹಳ್ಳಿ ಕಡೆ ಕೆಲಸ ಮಾಡುವ ನನ್ನ ಸಹಪಾಠಿಯೊಬ್ಬರು ಹಾಳೆಯ ಪ್ರತಿ ಕೇಳಿದರು. ಕಳಿಸಿದೆ, ಆದರೆ ಹಾಗೇ ಅಂಟಿಸಬೇಡಿ ಎಂದು ಫೋನಿನಲ್ಲೇ ಹೇಳಿದೆ. ಪಶ್ಚಿಮ ಘಟ್ಟದ ಸಾಲಿನಲ್ಲಿ ಗೂನು ಮೂತಿಯ ಒಂದು ಪುಟ್ಟ ಗುಳಿಮಂಡಲವಿದೆ. ಅದರ ಕಡಿತಕ್ಕೂ ರಕ್ತ ಹರಿಯಬಹುದು, ಕಿಡ್ನಿ ಕೆಡಬಹುದು. ನಮ್ಮ ಎ.ಎಸ್.ವಿ.ಯನ್ನು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷದಿಂದ ಮಾತ್ರ ತಯಾರಿಸಿರುವುದರಿಂದ ಅದು ಇದಕ್ಕೆ ನಾಟುವುದಿಲ್ಲ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ‘ಬೇರೆ ಹಾವೋ ಎಂದು ಯೋಚಿಸಿ’ ಎಂಬ ಚೌಕ ಮೂವತ್ತು ವಯಲಿನ ನಂತರ ಬಂದರೆ ನಡೆಯುತ್ತದೆ. ಮಲೆನಾಡಿನಲ್ಲಿ ಅದು ಮೊದಲ ಹತ್ತಕ್ಕಿಂತ ಮುಂಚೆಯೇ ಬರಬೇಕು, ಕಾಫಿ ತೋಟದಲ್ಲಿ ಕಚ್ಚಿತೇ, ಹಾವು ಹೇಗಿತ್ತು, ಫೋಟೊ ಇದೆಯೇ ಎಂಬ ಪ್ರಶ್ನೆಗಳೊಂದಿಗೆ. ಅವರು ಅಲ್ಲಿನ ಸಿಸ್ಟರುಗಳನ್ನು ಕೂರಿಸಿಕೊಂಡು ತಮ್ಮ ಹಾಳೆಯನ್ನು ಬೇರೆಯಾಗಿಯೇ ಬರೆಯುತ್ತಿದ್ದಾರೆ.